ವರ್ಷದ ಕಾಳು ತುಂಬಿಟ್ಟರೆ ಉಳಿಯುವುದೆಷ್ಟು?

ಏಪ್ರಿಲ್ ಬಂತೆಂದರೆ ನಮ್ಮ ಮುಲುಂಡ್‌ನ ಹಳೆಯ ಕಟ್ಟಡದ ಟೆರೇಸ್ ಮೇಲೆ ಚಾದರಗಳ ತುಂಬ ಗೋಧಿ ಒಣಗುತ್ತದೆ. ಮರಾಠಿ, ಗುಜರಾತಿ ನೆರೆಹೊರೆಯವರು ಹೊಸ ಗೋಧಿ ಪೇಟೆಗೆ ಬರುತ್ತಲೇ ವರ್ಷಕ್ಕಾಗುವಷ್ಟು ತುಂಬಿಸಿಕೊಳ್ಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಊರಿಂದ ಬಂದಿದ್ದ ಅವ್ವ ಅದನ್ನು ನೋಡಿ, ‘ಇವ್ರು ನಮ್ಮಂಗ ಬದುಕ್ತಾರ. ನೀವು ನೋಡಿದ್ರ ತಿಂಗಳಾ ತಿಂಗಳಾ ಚೀಲ ಹಿಡಕೊಂಡು ಅಂಗಡಿಗೆ ಓಡ್ತೀರಿ’ ಎಂದಳು. ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲಿ ಜೋಳವನ್ನು ಚೀಲ ಲೆಕ್ಕದಲ್ಲಲ್ಲ, ಹಗೇವಿನ ಲೆಕ್ಕದಲ್ಲಿ ಅಳೆದವಳು ಆಕೆ.

ಕಂಪನಿಯೊಂದರಲ್ಲಿ ವೆಚ್ಚದ ಲೆಕ್ಕ ನೋಡುವುದೇ ನನ್ನ ಕೆಲಸ. ಅವ್ವನ ಮಾತು ಕೇಳಿ ಆ ವರ್ಷ ನಾವೂ ತುಂಬಿಸಿದೆವು. ಜೊತೆಗೆ ಒಂದು ನೋಟ್‌ಬುಕ್ ಇಟ್ಟು, ಕೆಳಗಿನ ಅಂಗಡಿಯಲ್ಲಿ ಅದೇ ಮಾಲಿನ ದರ ತಿಂಗಳಿಗೊಮ್ಮೆ ಕೇಳಿ ಬರೆದುಕೊಂಡೆ. ತಿಂಗಳ ಖರೀದಿಯೇ ಮಾಡಿದ್ದರೆ ಎಷ್ಟಾಗುತ್ತಿತ್ತು ಎಂದು ವರ್ಷದ ಕೊನೆಗೆ ತಾಳೆ ನೋಡುವುದು ನನ್ನ ಉದ್ದೇಶವಾಗಿತ್ತು.

ಅವ್ವ ಸೇರಿ ಮನೆಯಲ್ಲಿ ನಾಲ್ವರು. ತಿಂಗಳಿಗೆ 10 ಕಿಲೋ ಗೋಧಿ, 8 ಕಿಲೋ ಅಕ್ಕಿ, 3 ಕಿಲೋ ತೊಗರಿ ಬೇಳೆ ಬೇಕು. ನಮ್ಮ ಕಟ್ಟಡದ ಇನ್ನೂ ಮೂರು ಮನೆಯವರೊಂದಿಗೆ ವಾಶಿಯ ಎಪಿಎಂಸಿಯ ದಾಣಾ ಬಂದರಿಗೆ ಹೋಗಿ, ಒಂದೇ ಟೆಂಪೊದಲ್ಲಿ ಐರೋಲಿ ಸೇತುವೆ ದಾಟಿಸಿ ಮಾಲು ತಂದೆವು. ನಮ್ಮ ಪಾಲಿಗೆ 120 ಕಿಲೋ ಲೋಕವನ್ ಗೋಧಿ 36 ರೂಪಾಯಿಯಂತೆ, 100 ಕಿಲೋ ಕೋಲಮ್ ಅಕ್ಕಿ 58ರಂತೆ, 36 ಕಿಲೋ ತೊಗರಿ ಬೇಳೆ 168ರಂತೆ ಬಂತು. ಒಟ್ಟು 16,168 ರೂಪಾಯಿ. ನೋಟ್‌ಬುಕ್ ಪ್ರಕಾರ ಇದೇ ಮಾಲನ್ನು ತಿಂಗಳಿಗೊಮ್ಮೆ ಕೊಂಡಿದ್ದರೆ 16,880 ಆಗುತ್ತಿತ್ತು. ಮೇಲ್ನೋಟಕ್ಕೆ 712 ರೂಪಾಯಿ ಉಳಿತಾಯ.

ಇನ್ನು ಖರ್ಚಿನ ಬದಿ. ಟೆಂಪೊ, ಹಮಾಲಿ ಪಾಲು 400. ಬೇವಿನ ಎಲೆ, ಹರಳೆಣ್ಣೆ, ಒಣಗಿಸುವ ಪ್ಲಾಸ್ಟಿಕ್ ಹಾಳೆಗೆ 120. ಎರಡು ಸ್ಟೀಲ್ ಕೋಠಿಗೆ 4,800 ಕೊಟ್ಟೆ. ಹದಿನೈದು ವರ್ಷ ಬಾಳುತ್ತವೆ ಎಂದುಕೊಂಡರೂ ವರ್ಷಕ್ಕೆ 320. ಆ ಹಣ ಬ್ಯಾಂಕಿನಲ್ಲಿ ಶೇ 7ರ ಠೇವಣಿಯಲ್ಲಿದ್ದರೆ ಬಡ್ಡಿ ಬರುತ್ತಿತ್ತು. ಕಾಳು ತಿಂಗಳು ತಿಂಗಳೂ ಕರಗುವುದರಿಂದ ಸರಾಸರಿ ಅರ್ಧದಷ್ಟು ಹಣ ಮಾತ್ರ ಕಟ್ಟಿಬಿದ್ದಿರುತ್ತದೆ, ಹಾಗಾಗಿ ಬಡ್ಡಿಯನ್ನೂ ಅರ್ಧವೇ ಹಿಡಿದೆ: 566. ಕೊನೆಗೆ ಹಾಳಾದದ್ದು 14 ಕಿಲೋ ಅಕ್ಕಿ, 5 ಕಿಲೋ ಗೋಧಿ: 992 ರೂಪಾಯಿ. ಎಲ್ಲ ಸೇರಿ 2,398. 712 ಉಳಿಸಲು ಹೋಗಿ 1,686 ಕಳೆದುಕೊಂಡಿದ್ದೆವು.

ಇದರಲ್ಲಿ ಜಾಗದ ಬೆಲೆ ಇಲ್ಲ. ನಾನು 440 ಚದರ ಅಡಿಗೆ 33 ಸಾವಿರ ಬಾಡಿಗೆ ಕೊಡುತ್ತೇನೆ, ಅಂದರೆ ಚದರ ಅಡಿಗೆ 75. ಎರಡು ಕೋಠಿ ನಾಲ್ಕು ಚದರ ಅಡಿ ನುಂಗುತ್ತವೆ. ವರ್ಷಕ್ಕೆ 3,600 ರೂಪಾಯಿ! ಖಾಲಿ ಬಿದ್ದಿರುವ ಮೂಲೆಯಾದರೆ ಈ ಲೆಕ್ಕ ಬೇಕಿಲ್ಲ. ನಮ್ಮ ಮನೆಯಲ್ಲಿ ಅದು ಮಗಳು ಓದಲು ಕೂರುತ್ತಿದ್ದ ಮೂಲೆ. ಆಕೆಯ ಮೇಜು ಹಾಲಿಗೆ, ಟಿವಿ ಎದುರಿಗೆ ಬಂತು. ಅದನ್ನು ಯಾವ ಖಾತೆಗೆ ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಅಕ್ಕಿ ಕೆಟ್ಟದ್ದು ಗೊತ್ತಾಗಿದ್ದು ಆಗಸ್ಟ್ ಕೊನೆಗೆ. ಕೋಠಿಯೊಳಗೆ ಮೊಣಕೈವರೆಗೆ ಕೈ ಇಳಿಸಿದ ನನ್ನಾಕೆ, ‘ಒಳಗೆ ಬೆಚ್ಚಗಿದೆಯಲ್ರೀ’ ಎಂದಳು. ಕಾಳಿನ ನಡುವೆ ಬಿಸಿ ಹತ್ತಿದೆ ಎಂದರೆ ನುಸಿ ಹಿಂಡುಗಟ್ಟಿದೆ ಎಂದೇ ಅರ್ಥ. ತಳದಲ್ಲಿ ಹಿಟ್ಟಿನಂಥ ಪುಡಿ ಕೂತಿತ್ತು. ನೀರಿಗೆ ಹಾಕಿದರೆ ತೂತು ಬಿದ್ದ ಕಾಳು ತೇಲಿತು. ಈ ಹುಳ ಹೊರಗಿನಿಂದ ಹಾರಿಬಂದದ್ದೇ ಆಗಬೇಕಿಲ್ಲ. ತಾಯಿಹುಳ ಕಾಳಿಗೇ ರಂಧ್ರ ಕೊರೆದು ಒಳಗೆ ಮೊಟ್ಟೆಯಿಡುತ್ತದೆ. ಪೇಟೆಯಿಂದ ತಂದ ದಿನವೇ ಅದು ಚೀಲದಲ್ಲಿರಬಹುದು, ಕಣ್ಣಿಗೆ ಕಾಣುವುದಿಲ್ಲ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಹೊಸ ಪೀಳಿಗೆ ಹೊರಬರುತ್ತದೆ. ಏಪ್ರಿಲ್‌ನಿಂದ ಆಗಸ್ಟ್ ಎಂದರೆ ನಾಲ್ಕು ಪೀಳಿಗೆ. ಅದರ ಮೇಲೆ ಮುಂಬೈಯ ಮಳೆಗಾಲ. ಒಣಗಿದ ಕಾಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮುಚ್ಚಳ ತೆರೆದಾಗಲೆಲ್ಲ ಸ್ವಲ್ಪ ಸ್ವಲ್ಪ.

‘ದಿನಾ ಬಾಯಿ ತೆಗದ್ರ ಇನ್ನೇನಾಗ್ತದ? ಹಗೇವು ಒಮ್ಮೆ ತೆಗದ್ರ ಪೂರಾ ಖಾಲಿ ಮಾಡ್ತಿದ್ವಿ’ ಎಂದಳು ಅವ್ವ. ನನಗೆ ಇಡೀ ವಿಷಯ ಬಿಡಿಸಿಕೊಂಡದ್ದು ಆ ಮಾತಿನಿಂದ. ಹಗೇವಿನ ಗುಟ್ಟು ಬೇವಿನ ಎಲೆಯಲ್ಲಿ ಇರಲಿಲ್ಲ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿದ ಮೇಲೆ ಒಳಗಿನ ಕಾಳು ಮತ್ತು ಹುಳಗಳ ಉಸಿರಾಟದಿಂದಲೇ ಆಮ್ಲಜನಕ ತೀರಿ ಹುಳ ಸಾಯುತ್ತಿತ್ತು. ಹಗೇವು ತೆರೆದ ತಕ್ಷಣ ಮನುಷ್ಯರು ಇಳಿಯದೆ, ಗಾಳಿ ಆಡುವವರೆಗೆ ಕಾಯುತ್ತಿದ್ದುದೂ ಇದಕ್ಕೇ. ನಾವು ಅದೇ ಕಾಳನ್ನು ದೊಡ್ಡ ಡಬ್ಬಿಗೆ ಸುರಿದು, ದಿನವೂ ಮುಚ್ಚಳ ತೆಗೆದು ಹುಳಕ್ಕೆ ಗಾಳಿ ಕೊಟ್ಟೆವು.

ಹುಳ ಕಂಡಾಗ ಗಾಬರಿಯಲ್ಲಿ ಜನ ಮಾಡುವ ಎರಡು ತಪ್ಪುಗಳನ್ನು ಇಲ್ಲೇ ಹೇಳಬೇಕು. ನೆರೆಯವರೊಬ್ಬರು ಬಟ್ಟೆಯಲ್ಲಿ ಕಟ್ಟಿದ ‘ಪಾರದ್’ ಗುಳಿಗೆ ತಂದುಕೊಟ್ಟರು. ಅದು ಪಾದರಸ; ಊಟದ ಕಾಳಿನ ಜೊತೆ ಇಡುವ ವಸ್ತುವಲ್ಲ. ಇನ್ನೊಂದು, ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವಕ್ಕೆ ಅದು ವಿಷಾನಿಲ ಬಿಡುತ್ತದೆ. ಮುಚ್ಚಿದ ಫ್ಲ್ಯಾಟ್‌ನಲ್ಲಿ ಅದು ಹುಳಕ್ಕಿಂತ ಮೊದಲು ಮಕ್ಕಳನ್ನು ಬಲಿ ತೆಗೆದುಕೊಳ್ಳಬಹುದು.

ಇನ್ನು ತೊಗರಿ. ಹರಳೆಣ್ಣೆ ಸವರಿಟ್ಟ ಬೇಳೆ ಒಂದು ಕಾಳೂ ಕೆಡಲಿಲ್ಲ, ಆದರೆ ಬೆಲೆಯ ಆಟದಲ್ಲಿ ನಾವು ಸೋತದ್ದು ಅಲ್ಲೇ. ನಾವು 168ಕ್ಕೆ ತಂದದ್ದು ಅಂಗಡಿಯಲ್ಲಿ ಆಗಸ್ಟ್‌ವರೆಗೆ ಸುಮಾರು 175 ಇತ್ತು, ವರ್ಷಾಂತ್ಯದವರೆಗೆ 165ರ ಆಸುಪಾಸು, ಜನವರಿ ನಂತರ 130ಕ್ಕೆ ಬಂತು. 36 ಕಿಲೋಗೆ 408 ರೂಪಾಯಿ ನಷ್ಟ. ಹಿಂದೆ ತೊಗರಿಗೆ ಒಂದೇ ಸುಗ್ಗಿ. ಕಲಬುರಗಿ ಕಡೆಯ ರಾಶಿ ಮುಗಿಯುವ ಚಳಿಗಾಲದಲ್ಲಿ ಅಗ್ಗ, ಮುಂದೆ ಏರು. ಈಗ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾದ ತೊಗರಿ ಬೇರೆ ಬೇರೆ ತಿಂಗಳಲ್ಲಿ ಬಂದರಿಗೆ ಇಳಿಯುತ್ತದೆ. ಬೆಲೆ ಏರಿದಾಗ ಕೇಂದ್ರ ಸರ್ಕಾರ ಸುಂಕವಿಲ್ಲದ ಆಮದಿನ ಗಡುವು ವಿಸ್ತರಿಸುತ್ತದೆ, ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಹಾಕುತ್ತದೆ. 2024ರ ಜೂನ್‌ನಲ್ಲಿ ಹಾಗೆಯೇ ಆಯಿತು. ಮುಂದಿನ ಬೆಳೆಯೂ ಚೆನ್ನಾಗಿ ಬಂದು, 2025ರ ಆರಂಭದಲ್ಲಿ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಕ್ವಿಂಟಲ್‌ಗೆ 7,550ರ ಬೆಂಬಲ ಬೆಲೆಯ ಮೇಲೆ ಕರ್ನಾಟಕ ಸರ್ಕಾರ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ನಾವಿಲ್ಲಿ 168ರ ಬೇಳೆ ಬೇಯಿಸುತ್ತಿದ್ದಾಗ ಅಲ್ಲಿ ಬೆಳೆದವನಿಗೆ ಬೆಲೆಯೇ ಇರಲಿಲ್ಲ. ತೊಗರಿ ತುಟ್ಟಿಯಾಗಿರುವಾಗ ‘ಇನ್ನೂ ಏರೀತು’ ಎಂದು ಹೆದರಿ ವರ್ಷಕ್ಕೆ ತುಂಬಿಸುವುದರಷ್ಟು ದುಬಾರಿ ತಪ್ಪು ಬೇರೊಂದಿಲ್ಲ.

ಗೋಧಿಯ ಲೆಕ್ಕ ಬೇರೆ. ಏಪ್ರಿಲ್‌ನಲ್ಲಿ ನಮಗೆ ಮೂಟೆಯಲ್ಲಿ 36ಕ್ಕೆ ಸಿಕ್ಕದ್ದು ಅಂಗಡಿಯಲ್ಲಿ ಬಿಡಿಯಾಗಿ 38 ಇತ್ತು. ಜನವರಿ ಹೊತ್ತಿಗೆ 46 ಆಗಿ, ವರ್ಷದ ಸರಾಸರಿ 42 ಬಂತು. ಕಿಲೋಗೆ 6ರಂತೆ 120 ಕಿಲೋಗೆ 720 ಲಾಭ. ಆದರೆ ಗೋಧಿಯ ಪಾಲಿನ ಸಾಗಣೆ, ಕೋಠಿ, ಬಡ್ಡಿ, ಹಾಳಾದದ್ದು ಎಲ್ಲ ಕಳೆದರೆ ಅದೂ ಸರಿಸಮ.

ಇಲ್ಲಿ ಒಂದು ಗಂಟು ಬಿಚ್ಚಬೇಕು. ಆ 6 ರೂಪಾಯಿಯಲ್ಲಿ ಎರಡು ಬಗೆಯ ಲಾಭ ಬೆರೆತಿದೆ. ಮೊದಲ ದಿನವೇ ಇದ್ದ 2 ರೂಪಾಯಿ ವ್ಯತ್ಯಾಸ ಮೂಟೆಯ ಲಾಭ. ದೊಡ್ಡ ಚೀಲ ಕೊಂಡವರಿಗೆಲ್ಲ ಅದು ಸಿಗುತ್ತದೆ, ವರ್ಷದ ಮಾಲು ಬೇಕಿಲ್ಲ. ಉಳಿದ 4 ರೂಪಾಯಿ ಕಾಲದ ಲಾಭ. ಅದಕ್ಕೆ ಮಾತ್ರ ಮಳೆಗಾಲ ದಾಟಿಸಿ ಕಾಯಬೇಕು. ಅಕ್ಕಿಯಲ್ಲಿ ಕಿಲೋಗೆ ಉಳಿದ 4 ರೂಪಾಯಿಯಲ್ಲಿ 3 ಮೂಟೆಯದೇ. ಆ ಒಂದು ರೂಪಾಯಿಗಾಗಿ ನಾವು 14 ಕಿಲೋ ಅಕ್ಕಿ ಚೆಲ್ಲಿದೆವು.

ಮೂಟೆಯ ಲಾಭಕ್ಕೆ ತೆರಿಗೆಯ ಕಾರಣವೂ ಒಂದಿದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್‌ಗೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೂ, ಅಂಗಡಿಯವನು ತೂಗಿಕೊಡುವ ಬಿಡಿ ಮಾಲಿಗೂ ಇಲ್ಲ. ಪೇಟೆಯಲ್ಲಿ 26 ಕಿಲೋ ಅಕ್ಕಿ ಚೀಲಗಳು ಹುಟ್ಟಿಕೊಂಡದ್ದು ಹೀಗೆ.

2025ರಲ್ಲಿ ದಾರಿ ಬದಲಿಸಿದೆವು. ಅಕ್ಕಿ ಮೂರು ತಿಂಗಳಿಗೊಂದು 26 ಕಿಲೋ ಚೀಲ; ಅಂಗಡಿಯವನೇ ಮನೆಗೆ ಮುಟ್ಟಿಸುತ್ತಾನೆ, ಹುಳ ಹೆಚ್ಚುವ ಮೊದಲೇ ಮುಗಿಯುತ್ತದೆ. ತೊಗರಿ ತಿಂಗಳ ಸಾಮಾನಿನ ಜೊತೆಗೇ. ಗೋಧಿ ಮಾತ್ರ ವರ್ಷಕ್ಕೆ, ಅದೂ ಅವ್ವನ ನಿಯಮದಂತೆ. ಎರಡು ದಿನ ಬಿಸಿಲಿಗೆ ಹಾಕಿ, ಹಲ್ಲಿನಲ್ಲಿ ಕಡಿದರೆ ‘ಕಟ್’ ಎನ್ನುವವರೆಗೆ ಒಣಗಿಸಿದೆವು. ಅನುಮಾನಕ್ಕೆ, ಒಣಗಿದ ಗಾಜಿನ ಬಾಟಲಿಯಲ್ಲಿ ಗೋಧಿಯ ಜೊತೆ ಒಣ ಉಪ್ಪು ಹಾಕಿ ಕುಲುಕಿ ನೋಡಿದೆವು; ಉಪ್ಪು ಗಾಜಿಗೆ ಅಂಟಿದರೆ ತೇವ ಉಳಿದಿದೆ ಎಂದರ್ಥ. ಪೂರ್ತಿ ಆರಿದ ಮೇಲೆ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಹತ್ತತ್ತು ಕಿಲೋ ಒತ್ತಿ ತುಂಬಿ, ಬಾಯಿ ತಿರುಚಿ ಬಿಗಿದು, ದಿವಾನಿನೊಳಗೆ ಇಟ್ಟೆವು. ತಿಂಗಳಿಗೆ ಒಂದು ಚೀಲ ಮಾತ್ರ ತೆರೆದು ಗಿರಣಿಗೆ. ಹನ್ನೆರಡರಲ್ಲಿ ಒಂದರ ಬಾಯಿ ಸಡಿಲವಾಗಿ ಹುಳ ಬಿತ್ತು, ಉಳಿದವು ಕೆಡಲಿಲ್ಲ. ಕೋಠಿಗಳು ಊರಿಗೆ ಹೋದವು, ಮಗಳ ಮೇಜು ಮೂಲೆಗೆ ಮರಳಿತು.

ಗೋಧಿಯಲ್ಲಿ ಉಳಿಯುವುದು ವರ್ಷಕ್ಕೆ ಕೆಲವು ನೂರು ರೂಪಾಯಿಯಷ್ಟೇ. ಅದೂ ಬೋನಸ್ ಹಣದಲ್ಲಿ ಕೊಂಡರೆ ಮಾತ್ರ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡು ಬಾಕಿ ಉಳಿಸಿಕೊಂಡರೆ ಎರಡೇ ತಿಂಗಳ ಬಡ್ಡಿ ಅದನ್ನು ತಿಂದುಹಾಕುತ್ತದೆ. ಮುಂದಿನ ವರ್ಷ ವರ್ಗಾವಣೆಯ ಸಾಧ್ಯತೆ ಇರುವವರು ಗೋಧಿಯನ್ನೂ ಮೂರು ತಿಂಗಳಿಗೊಮ್ಮೆ ತರುವುದೇ ಲೇಸು. ನಾವು ಈ ಏಪ್ರಿಲ್‌ಗೂ ಹನ್ನೆರಡು ಚೀಲ ಕೊಂಡಿಟ್ಟಿದ್ದೇವೆ. ಬಾಯಿ ಬಿಗಿಯುವ ಕೆಲಸ ಮಾತ್ರ ಅವ್ವ ನನ್ನ ಕೈಗೆ ಕೊಡುತ್ತಿಲ್ಲ.