ಹಂಗಾಮಿನ ಕೂಲಿಗೆ ಹಕ್ಕಿಲ್ಲವೇ?

ನೌಕರಿ ಹೋದವರ ಮಾತೆತ್ತಿದರೆ ಸಾಕು, ‘ಯುವನಿಧಿ ಇದೆ, ಇಎಸ್‌ಐ ಇದೆ, ಇನ್ನೇನು ಬೇಕು?’ ಎನ್ನುವವರಿಗೆ ವಿಜಯಪುರದಲ್ಲಿ ಬರವಿಲ್ಲ. ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ ಇರುವುದು ಯುವನಿಧಿ. ಇದ್ದ ಕೆಲಸ ಕಳೆದುಕೊಂಡ ನಡುವಯಸ್ಸಿನ ಕಾರ್ಮಿಕನಿಗೆ ಅದರಿಂದ ಬಿಡಿಗಾಸೂ ಇಲ್ಲ. ಅವನ ಕೈಗೆ ಸಿಗಬಹುದಾದದ್ದು ಇಎಸ್‌ಐ 2018ರಲ್ಲಿ ತಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದರೆ, ರಿಟ್ರೆಂಚ್‌ಮೆಂಟ್ ಆದರೆ 24 ತಿಂಗಳ ಭತ್ಯೆ ಕೊಡುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯೂ ಇದೆ ಎನ್ನುತ್ತೀರಿ. ‘ನಾಳೆಯಿಂದ ಬರಬೇಡ’ ಎಂದು ಬಾಯಿಮಾತಿನಲ್ಲೇ ಹೊರಹಾಕುವ ಮಾಲೀಕರು ಅದಕ್ಕೆ ಬೇಕಾದ ಕಾಗದ ಬರೆದುಕೊಡುತ್ತಾರೆಯೇ?

ನಗರದ ಘಟಕವೊಂದರಲ್ಲಿ ತಿಂಗಳಿಗೆ 12,000 ರೂಪಾಯಿ ದುಡಿಯುವವನ ಲೆಕ್ಕ ಹಾಕೋಣ. ಅಟಲ್ ಯೋಜನೆಯ ಪರಿಹಾರ ಸಿಗಲು ಎರಡು ವರ್ಷ ವಿಮೆಯಡಿ ಇರಬೇಕು. ಕೆಲಸ ಹೋಗುವ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ ಮತ್ತೆ 78 ದಿನದ ವಂತಿಗೆ ಬಿದ್ದಿರಬೇಕು. ಆಮೇಲೆ 30 ದಿನ ಕಾಯಬೇಕು. ಮೊದಲು ಇದು 90 ದಿನವಿತ್ತು, ಪರಿಹಾರವೂ ಕಾಲು ಭಾಗವಿತ್ತು. ಕೊರೊನಾ ಕಾಲದಲ್ಲಿ ಸಡಿಲಿಸಿದರು. ಈಗ ಸಿಗುವುದು ಸರಾಸರಿ ಗಳಿಕೆಯ ಅರ್ಧ. ಆ ಸರಾಸರಿ ತೆಗೆಯಲು ಎರಡು ವರ್ಷದ ಗಳಿಕೆಯನ್ನು 730ರಿಂದ ಭಾಗಿಸುತ್ತಾರೆ, ಹಾಗಾಗಿ ಖಾಲಿ ಕೂತ ತಿಂಗಳುಗಳೂ ಅದನ್ನು ತಗ್ಗಿಸುತ್ತವೆ. ಒಂದು ದಿನವೂ ತಪ್ಪದೆ ದುಡಿದವನಿಗೆ ದಿನಕ್ಕೆ ಸುಮಾರು 197 ರೂಪಾಯಿ, 90 ದಿನಕ್ಕೆ ಸುಮಾರು 17,750. ಅಲ್ಲಿಗೆ ಮುಗಿಯಿತು, ಜೀವಮಾನಕ್ಕೇ ಮುಗಿಯಿತು! ಮತ್ತೆ ಕೆಲಸಕ್ಕೆ ಸೇರಿ ಹದಿನೈದು ವರ್ಷ ದುಡಿದು ಮತ್ತೆ ಬೀದಿಗೆ ಬಿದ್ದರೂ ಸೊನ್ನೆ. ಅಷ್ಟೂ ವರ್ಷ ಅವನ ಮತ್ತು ಮಾಲೀಕನ ಪಾಲು ಸೇರಿ ಕೂಲಿಯ ಶೇ. 4, ಅಂದರೆ ತಿಂಗಳಿಗೆ 480 ರೂಪಾಯಿ ಹೋಗುತ್ತಲೇ ಇರುತ್ತದೆ. ‘ಆ ಹಣ ಆಸ್ಪತ್ರೆಗೂ ಬೇಕಲ್ಲ’ ಎನ್ನುವುದು ನಿಜ. ಆದರೆ ಎರಡನೇ ಸಲ ಮನೆಗೆ ಬೆಂಕಿ ಬಿದ್ದರೆ ಪರಿಹಾರವಿಲ್ಲ ಎನ್ನುವುದನ್ನು ಯಾರಾದರೂ ವಿಮೆ ಎಂದು ಕರೆಯುತ್ತಾರೆಯೇ?

ಈ ಅರೆಪಾವು ಭಾಗ್ಯವೂ ಎಲ್ಲರಿಗಿಲ್ಲ. ಇಎಸ್‌ಐ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು, ಆ ಪಟ್ಟಿಯಲ್ಲಿ ಸಕ್ಕರೆ, ಬೆಲ್ಲ, ಹತ್ತಿ ಜಿನ್ನಿಂಗ್ ಹೆಸರು ಹಿಡಿದೇ ನಮೂದಾಗಿದ್ದವು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಗೋಡೆಯನ್ನು ಮುಟ್ಟಲಿಲ್ಲ. ಬಬಲೇಶ್ವರದ ಕಬ್ಬಿನ ಸೀಮೆಗೆ ಇದಕ್ಕಿಂತ ದೊಡ್ಡ ಅಣಕವಿದೆಯೇ? ತಿಕೋಟಾದ ಶೆಡ್ಡುಗಳಲ್ಲಿ ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳ ಹೆಸರಂತೂ ಯಾವ ಹಾಜರಿ ಪುಸ್ತಕದಲ್ಲಿದೆ? ‘ಹಂಗಾಮು ಮುಗಿಯುವುದು ಗೊತ್ತಿರುವ ಸಂಗತಿ, ಅದಕ್ಕೆಂಥ ವಿಮೆ?’ ಎಂಬ ಜಾಣತನ ಬೇಡ. ಮಳೆ ಕೈಕೊಟ್ಟು ಕಬ್ಬು ಅರ್ಧಕ್ಕೇ ನಿಂತರೆ ಅದು ಯಾರಿಗೆ ಗೊತ್ತಿತ್ತು? ಇಲ್ಲಿನ ಬಡವರಿಗೆ ಎಲ್ಲವೂ ಭಾಷಣದಲ್ಲೇ ಬರುತ್ತದೆ: ನೀರೂ, ಕೈಗಾರಿಕೆಯೂ, ಭದ್ರತೆಯೂ.

ಕೇಳುವುದು ಎರಡೇ. ಜೀವಮಾನಕ್ಕೊಮ್ಮೆ ಎಂಬ ಷರತ್ತು ಹೋಗಬೇಕು, ಹೊಸದಾಗಿ ಎರಡು ವರ್ಷ ವಂತಿಗೆ ಕಟ್ಟಿದವನಿಗೆ ಹೊಸದಾಗಿ 90 ದಿನ ಸಿಗಬೇಕು. ಹಂಗಾಮಿ ಕಾರ್ಖಾನೆಗಳು ವಿಮೆಯೊಳಗೆ ಬರಬೇಕು, ಅವುಗಳಿಗೆ 78 ದಿನದ ಲೆಕ್ಕವನ್ನು ಹಂಗಾಮಿನ ಮೇಲೇ ಕಟ್ಟಬೇಕು. ಇಷ್ಟನ್ನೂ ಮಾಡಲಾಗದಿದ್ದರೆ ‘ಕಲ್ಯಾಣ’ ಎಂಬ ಹೆಸರನ್ನಾದರೂ ಕಿತ್ತುಹಾಕಲಿ.