ಕುಸುರೆಳ್ಳು ಕೊಡೋ ಕೈ ಫಾರ್ವರ್ಡ್ ಒತ್ತೋದು ಯಾಕ?

ಸಂಕ್ರಮಣ ಹತ್ರ ಬಂತು ಅಂದ್ರ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ವಾಟ್ಸಪ್ ಗ್ರೂಪುಗಳೊಳಗ ಚಿತ್ರಗಳ ಸುರಿಮಳೆ. ಬಣ್ಣದ ಮಡಕಿ, ಎರಡು ಕಬ್ಬು, ಮ್ಯಾಲೆ ಗಾಳಿಪಟ, ಕೆಳಗ ನಾಲ್ಕು ಸಾಲಿನ ಪ್ರಾಸ. ಬೆಂಗಳೂರಿನ ಯಾರೋ ಮಾಡಿದ್ದು, ನೂರು ಕೈ ದಾಟಿ ನಮಗ ಬಂದದ್ದು, ನಾವು ನೋಡದೇ ಮುಂದ ತಳ್ಳಿದ್ದು. ಇಲ್ಲಾಂದ್ರ ಆಫೀಸಿನ ಗ್ರೂಪಿನ್ಯಾಗ ಮರಾಠಿಯೊಳಗ ಬಂದ ಚಿತ್ರಕ್ಕ ನಾವೂ ಒಂದು ಮರಾಠಿ ಚಿತ್ರ ಹಚ್ಚಿ ಸುಮ್ಮನಾಗೋದು. ಹೋದ ವರ್ಷ ನಿಮಗ ಬಂದ ಅಂಥ ಐವತ್ತು ಚಿತ್ರದಾಗ ಒಂದಾದ್ರೂ ಯಾರು ಕಳಿಸಿದ್ದು ಅಂತ ನೆನಪದ ಏನು? ನಮಗಂತೂ ಇಲ್ಲ.

ಕನ್ನಡದಾಗ ಹಬ್ಬದ ಮಾತು ಹೇಳೋದಕ್ಕ ನಮಗ ಪದ್ಯ ಬೇಕಾಗಿಲ್ಲ. ಮನಿಯಾಗ ಹೇಳೋ ಮಾತೇ ಅದ. ಹಿರಿಯರು ಅಂಗೈಯಾಗ ನಾಕು ಕಾಳು ಕುಸುರೆಳ್ಳು ಇಟ್ಟು, “ಎಳ್ಳುಬೆಲ್ಲ ತಗೊಂಡು ಎಳ್ಳುಬೆಲ್ಲದಂಗ ಇರೂಣು” ಅಂತಾರ. ಇದರ ಕೊನೀ ಶಬ್ದ ಸ್ವಲ್ಪ ಗಮನಿಸ್ರಿ. “ಇರು” ಅಲ್ಲ, “ಇರ್ರಿ” ಅಲ್ಲ, “ಇರೂಣು”. ಹೇಳೋರೂ ಅದರೊಳಗ ಬಂದ್ರು, ಕೇಳೋರೂ ಬಂದ್ರು. ಮರಾಠಿ ಗೆಳೆಯರು ತಿಳಗುಳ ಕೊಟ್ಟು “ಗೋಡ ಗೋಡ ಬೋಲಾ” ಅನ್ನೋವಾಗ ಸಿಹಿ ಮಾತಾಡೋ ಕೆಲಸ ಎದುರಿನವರದು. ನಮ್ಮ ಮಾತಿನ್ಯಾಗ ಅದು ಇಬ್ಬರದೂ. ಹಿಂದಿನ ವಾರ ಆಫೀಸಿನ್ಯಾಗ ಒಬ್ಬರ ಜೋಡಿ ಜಗಳ ಆಗಿದ್ರ, ಅವರಿಗೆ ಕಳಿಸಾಕ ಇದಕ್ಕಿಂತ ಸರಿಯಾದ ಸಾಲು ಬ್ಯಾರೆ ಸಿಗೋದಿಲ್ಲ. ಯಾರ ತಪ್ಪು ಅಂತ ಇದು ಕೇಳೋದಿಲ್ಲ.

ಈಗ ಮೈಸೂರು ಕಡೆಯ ಚಿತ್ರದ ಮ್ಯಾಲೆ ಇರೋ ಮಾತು ನೋಡ್ರಿ: “ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು”. ಮನಿಯಾಗ ಮಕ್ಕಳಿಗೆ ಹೇಳೋವಾಗ ಭಾಳ ಚಂದದ ಮಾತು. ಆದ್ರ ಇದನ್ನೇ ನಿಮ್ಮ ನಿವೃತ್ತ ಕನ್ನಡ ಮಾಸ್ತರಿಗೆ ಫಾರ್ವರ್ಡ್ ಮಾಡಿದ್ರ ಏನಾಯ್ತು? ಎಪ್ಪತ್ತು ವರ್ಷದ ಗುರುಗಳಿಗೆ ಏಕವಚನದಾಗ “ನೆಟ್ಟಗ ಮಾತಾಡೋದು ಕಲಿ” ಅಂದಂಗಾಯ್ತು. ಅವರು ನಕ್ಕು ಸುಮ್ಮನಾಗಬಹುದು, ಕಣ್ಣಿಗೆ ಬೀಳದೇ ಮಾತ್ರ ಇರೋದಿಲ್ಲ. ಫಾರ್ವರ್ಡಿನ ದೊಡ್ಡ ದೋಷ ಇಲ್ಲೇ ಅದ. ಅದಕ್ಕ ಎದುರಿಗೆ ಯಾರು ಕೂತಾರ ಅಂತ ಗೊತ್ತಿಲ್ಲ. ಕನ್ನಡದಾಗ ಪ್ರತಿ ಕ್ರಿಯಾಪದಕ್ಕೂ ಅದು ಗೊತ್ತಿರಬೇಕಾಗ್ತದ.

ಇನ್ನೊಂದು ಸಾಲು ಎಲ್ಲರೂ ಬರೀತೀವಿ: “ನಿಮಗೂ ನಿಮ್ಮ ಕುಟುಂಬದವರಿಗೂ ಹಾರ್ದಿಕ ಶುಭಾಶಯಗಳು”. ತಪ್ಪೇನಿಲ್ಲ. ಬ್ಯಾಂಕಿನವರೂ ಅದನ್ನೇ ಕಳಿಸ್ತಾರ, ಟೈರ್ ಅಂಗಡಿಯವರೂ ಅದನ್ನೇ ಕಳಿಸ್ತಾರ, ಅಷ್ಟೇ. ಬರೆಯೋದೇ ಆದ್ರ ಅಕ್ಷರ ಸರಿ ಇರ್ಲಿ. ಶುಭ ಮತ್ತ ಆಶಯ ಕೂಡಿ ಶುಭಾಶಯ, ಹಂಗಾಗಿ ಅಲ್ಲಿ ಇರೋದು ‘ಶ’, ‘ಷ’ ಅಲ್ಲ. ಹೃದಯದಿಂದ ಬಂದದ್ದು ಹಾರ್ದಿಕ, ಹೃದಯದಾಗ ‘ದ’ ಇದ್ದಂಗ ಇಲ್ಲೂ ‘ದ’ನೇ. ಪ್ಯಾಟಿಯೊಳಗಿನ ಫ್ಲೆಕ್ಸ್ ನೋಡಿ ಕಲೀಬ್ಯಾಡ್ರಿ, ಅದರಾಗ ಎರಡೂ ತಪ್ಪಿರ್ತಾವ.

ಹಂಗಾದ್ರ ಏನು ಬರೀಬೇಕು? ನಮ್ಮ ಅನುಭವದಾಗ ಮೂರು ಸಾಲು ಸಾಕು. ಮೊದಲು ಅವರನ್ನ ನೀವು ದಿನಾ ಹೆಂಗ ಕರೀತೀರೋ ಹಂಗ ಕರೀರಿ, ಸರ್ ಅಂತಿದ್ರ ಸರ್, ಕಾಕಾ ಅಂತಿದ್ರ ಕಾಕಾ. ಆಮ್ಯಾಲೆ ಅವರಿಗೂ ನಿಮಗೂ ಮಾತ್ರ ಗೊತ್ತಿರೋ ಒಂದು ಸಂಗತಿ. ಕೊನಿಗೆ ಹಿರಿಯರ ಮಾತು, ಇಲ್ಲಾ ಊಟಕ್ಕ ಕರೆಯೋದು. ಎರಡನೇ ಸಾಲಿನ್ಯಾಗೇ ಜೀವ ಇರೋದು. ಅದೊಂದು ಬರೆದ್ರಿ ಅಂದ್ರ ಆ ಸಂದೇಶ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಾಕೇ ಬರೋದಿಲ್ಲ.

ಒಂದು ಉದಾಹರಣೆ ತಗೋಣ. ಆ ಮಾಸ್ತರಿಗೇ ಬರೀಬೇಕು ಅಂತ ಇಟ್ಕೋರಿ.

“ಗುರುಗಳೇ, ನಮಸ್ಕಾರ. ಏಳನೇತ್ತಾದಾಗ ನೀವು ನನ್ನ ಹಳಗನ್ನಡ ಓದು ಕೇಳಿ ನಕ್ಕಿದ್ದು ಇವತ್ತಿಗೂ ನೆನಪದ, ಈಗ ಮಗಳಿಗೆ ನಾನೇ ಓದಿ ತೋರಿಸ್ತೀನಿ. ಸಂಕ್ರಮಣದ ದಿನ ಸಂಜೀಕ ಕುಸುರೆಳ್ಳು ತಗೊಂಡು ಮನೀಗೆ ಬರ್ತೀನ್ರಿ, ಆಶೀರ್ವಾದ ಮಾಡ್ರಿ.”

ಇದರಾಗ ಶುಭಾಶಯ ಅನ್ನೋ ಶಬ್ದನೇ ಇಲ್ಲ. ಹಿರಿಯರಿಗೆ ನಾವು ಶುಭ ಕೋರೋದಕ್ಕಿಂತ ಅವರ ಆಶೀರ್ವಾದ ಕೇಳೋದು ನಮ್ಮ ಪದ್ಧತಿ. ಸಣ್ಣವರು ಎಳ್ಳು ಕೊಟ್ಟು ಕಾಲಿಗೆ ಬೀಳ್ತಾರ, ದೊಡ್ಡವರು ಹರಸ್ತಾರ. ಸಂದೇಶದಾಗೂ ಅದೇ ಕ್ರಮ ಬಂದ್ರ ಮಾತು ತಾನಾಗೇ ಹಗುರ ಆಗ್ತದ.

ಗೆಳೆಯನಿಗಾದ್ರ ಇಷ್ಟು ಮರ್ಯಾದಿ ಬೇಕಾಗಿಲ್ಲ. “ಏ, ಭೋಗಿ ದಿನ ಅವ್ವ ಸಜ್ಜಿ ರೊಟ್ಟಿ ಬಡೀತಾಳ, ಮ್ಯಾಲೆ ಎಳ್ಳು ಹಚ್ಚಿ. ಬದನಿಕಾಯಿ, ಅವರಿಕಾಯಿ, ಹಸಿ ಕಡ್ಲಿ ಎಲ್ಲಾ ಕೂಡಿಸಿ ಪಲ್ಯ. ಹೋದ ವರ್ಷ ಬರ್ತೀನಿ ಅಂತ ಹೇಳಿ ಕೈ ಕೊಟ್ಟಿ. ಈ ಸಲ ಬರ್ಲಿಲ್ಲಂದ್ರ ಎಳ್ಳುಬೆಲ್ಲ ಇಲ್ಲ, ಬರೀ ಎಳ್ಳು.” ನಮ್ಮ ಕಡೆ ಸಂಕ್ರಮಣ ಅಂದ್ರ ಒಂದು ದಿನ ಅಲ್ಲ, ಭೋಗಿ, ಸಂಕ್ರಮಣ, ಕರಿ ಅಂತ ಮೂರು. ಕಬ್ಬು ಮಡಕಿ ಚಿತ್ರದಾಗ ಭೋಗಿ ಇರೋದಿಲ್ಲ, ಸಜ್ಜಿ ರೊಟ್ಟಿನೂ ಇರೋದಿಲ್ಲ. ಹೊಲ ಇದ್ದವರು ಸೀತನಿ ತಿನ್ನಾಕ ಕರೀಬಹುದು. ಹಾಲುಗಾಳಿನ ಜೋಳದ ತೆನಿ ಸುಟ್ಟು, ಉಜ್ಜಿ, ಬಿಸಿ ಇರೋವಾಗಲೇ ಬಾಯಿಗೆ ಹಾಕ್ಕೊಳ್ಳೋ ಕಾಲ ಅದೇ.

ಸೊಲ್ಲಾಪುರ ಪಟ್ಟಣದ ಗೆಳೆಯರಿಗಂತೂ ಆ ವಾರ ಸಿದ್ಧರಾಮೇಶ್ವರನ ಜಾತ್ರಿ ಬಿಟ್ಟು ಬ್ಯಾರೆ ಮಾತಿಲ್ಲ. 12ನೇ ಶತಮಾನದಾಗ ಕನ್ನಡದಾಗ ವಚನ ಬರೆದ ಸಿದ್ಧರಾಮನ ಊರಿದು, ಏಳು ನಂದಿಧ್ವಜ ಹೊತ್ತು 68 ಲಿಂಗಗಳ ದರ್ಶನಕ್ಕ ಹೋಗೋ ಊರು. ಆ ದಿನಗಳ ಮರಾಠಿ ಪೇಪರ್ ತೆಗೆದು ನೋಡ್ರಿ, ಲಿಂಗಗಳಿಗೆ ಎಣ್ಣಿ ಹಚ್ಚೋ ವಿಧಿಗೆ ದೇವನಾಗರಿಯೊಳಗ “ಯಣ್ಣಿಮಜ್ಜನ” ಅಂತ ಅಚ್ಚಾಗಿರ್ತದ. ಅದು ನಮ್ಮ ಎಣ್ಣೆಮಜ್ಜನ. ಕೊನೀ ದಿನ ನಂದಿಧ್ವಜದ ಬಟ್ಟಿ ಇಳಿಸೋದಕ್ಕ “ಕಪ್ಪಡಕಳ್ಳಿ” ಅಂತಾರ, ಅದೂ ಕನ್ನಡವೇ. ಮರಾಠಿ ಸಹೋದ್ಯೋಗಿಗಳು ದಿನಾ ಬಾಯಾಗ ಆಡೋ ಶಬ್ದ ಇವು. “ಎಣ್ಣಿಮಜ್ಜನಕ್ಕ ಎಷ್ಟು ಗಂಟೆಗೆ ಹೊಂಟೀರಿ, ಕೂಡಿ ಹೋಗೂಣು” ಅಂತ ಒಂದು ಸಾಲು ಕನ್ನಡದಾಗ ಹಾಕಿದ್ರ ಅರ್ಧ ಆಗಲೇ ಅವರಿಗೆ ತಿಳಿದಿರ್ತದ.

ಮಿಕ್ಕ ಅರ್ಧ ಹೆಂಗ ಅನ್ನೋದು ನಿಜವಾದ ಪ್ರಶ್ನೆ. ನಮ್ಮ ಎಷ್ಟೋ ತಮ್ಮ-ತಂಗಿಯರು ಮರಾಠಿ ಸಾಲಿಯೊಳಗ ಕಲಿತವರು. ಮನಿಯಾಗ ಕನ್ನಡ ಮಾತಾಡ್ತಾರ, ಓದಾಕ ಬರೋದಿಲ್ಲ. ಅವರಿಗೆ ಕಳಿಸೋವಾಗ ನಾವು ಸುಮ್ಮನೆ ಇಂಗ್ಲಿಷ್ ಅಕ್ಷರಕ್ಕ ಹೋಗಿಬಿಡ್ತೀವಿ. ಅಲ್ಲಿ ‘ಲ’ಕ್ಕೂ ‘ಳ’ಕ್ಕೂ ಒಂದೇ ಅಕ್ಷರ. “ನಿಮ್ಮ ಮನಿಯಾಗ ಹಾಲು ಉಕ್ಕಲಿ” ಅಂತ ನೀವು ಹರಸಿ ಬರೆದ್ರ, ಆ ಕಡೆಯವರು ಹಾಳು ಅಂತ ಓದಿದ್ರೂ ತಪ್ಪು ಅವರದಲ್ಲ. ಅದಕ್ಕ ನಾವು ಹೇಳೋದು, ಮೊದಲ ಸಾಲು ಕನ್ನಡ ಲಿಪಿಯೊಳಗ ಇರ್ಲಿ, ಅದರ ಕೆಳಗ ಅದೇ ಕನ್ನಡ ಮಾತು ದೇವನಾಗರಿಯೊಳಗ. ಮರಾಠಿಗೆ ‘ಳ’ ಅದ, ಹಂಗಾಗಿ ಎಳ್ಳು ಎಳ್ಳಾಗೇ ಉಳೀತದ. ಒಂದೇ ತೊಡಕು ಅಂದ್ರ ಅಲ್ಲಿ ಹ್ರಸ್ವ ‘ಎ’, ‘ಒ’ ಇಲ್ಲ. ಬೆಲ್ಲ ಬೇಲ್ಲ ಆಗಿ ಕಾಣ್ತದ, ಮನಿಯಾಗ ಕನ್ನಡ ಆಡೋರಿಗೆ ಓದೋವಾಗ ತಾನೇ ಸರಿ ಆಗ್ತದ. ಎರಡು ಸಾಲು ಒಂದರ ಕೆಳಗ ಒಂದು ಕಂಡ್ರ ಎಷ್ಟೋ ಜನ ಮ್ಯಾಲಿನದನ್ನ ಹೊಂದಿಸಿ ನೋಡಾಕ ಶುರು ಮಾಡ್ತಾರ. ರಾಯದುರ್ಗ, ಮಡಕಶಿರಾ ಕಡೆಯವರಿಗೆ ತೆಲುಗು ಲಿಪಿಯೊಳಗ ಈ ತೊಡಕೂ ಇಲ್ಲ.

ಬರೆಯೋದು ಬ್ಯಾಡ ಅನ್ಸಿದ್ರ ಇಪ್ಪತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸ್ರಿ. “ಇರೂಣು” ಅನ್ನೋದರ ರಾಗ ಯಾವ ಲಿಪಿಯೊಳಗೂ ಕೂಡೋದಿಲ್ಲ. ಮನಿಯ ಅಜ್ಜಿ ಕಡಿಂದ ಹೇಳಿಸಿದ್ರ ಇನ್ನೂ ಚಲೋ.

ಕಳಿಸೋ ಮುಂಚೆ ಒಂದು ಸಲ ಹೆಸರು ನೋಡ್ಕೋರಿ. ಜತ್ತದಂಥ ಬರದ ತಾಲೂಕಿನ್ಯಾಗ ಜೋಳ ಒಣಗಿ ನಿಂತ ರೈತನಿಗೆ “ಸುಗ್ಗಿಯ ಸಂಭ್ರಮ ಮನೆ ತುಂಬಲಿ” ಅಂತ ಚಿತ್ರ ಹೋದ್ರ ಅದು ಹರಕೆ ಅಲ್ಲ, ಚುಚ್ಚಿದಂಗ. ಆ ವರ್ಷದಾಗ ಸಾವಾದ ಮನಿಗೂ ಹಂಗೇ. ಅವರು ಹಬ್ಬ ಮಾಡೋದಿಲ್ಲ, ಶುಭಾಶಯ ಬ್ಯಾಡ. ಹಂಗಂತ ಸುಮ್ಮನಿದ್ರೂ ಮರೆತಂಗಾಗ್ತದ. “ಈ ಸಲ ನಿಮ್ಮನಿಯಾಗ ಹಬ್ಬ ಇಲ್ಲ ಅಂತ ಗೊತ್ತದ ಅಣ್ಣ. ನಾಳೆ ಬಂದು ಅವ್ವನ್ನ ಮಾತಾಡಿಸ್ಕೊಂಡು ಹೋಗ್ತೀನಿ” ಅಂದ್ರ ಸಾಕು. ಎಲ್ಲರಿಗೂ ಒಂದೇ ಸಂದೇಶ ಒತ್ತೋವಾಗ ತಪ್ಪಿಹೋಗೋದು ಇಂಥ ಮನಿಗಳೇ.

ಕಾಸರಗೋಡಿನ ಗೆಳೆಯರಿಗೂ ಇದೇ ಕುಸುರೆಳ್ಳಿನ ಸಾಲು ಕಳಿಸಬಹುದಾ ಅಂದ್ರ, ಕಳಿಸ್ರಿ, ಆದ್ರ “ನಮ್ಮ ಕಡೆ ಹಿಂಗ ಮಾಡ್ತೀವಿ” ಅಂತ ಒಂದು ಮಾತು ಸೇರಿಸ್ರಿ. ಅವರ ವರ್ಷ ಶುರುವಾಗೋದು ಏಪ್ರಿಲ್ ನಡುವಿನ ಬಿಸುಗೆ, ಕಣಿ ನೋಡಿ. ಆ ದಿನ ನೆನಪಿಟ್ಟು ನೀವೇ ಮೊದಲು ಬರೆದ್ರ ಅವರಿಗೆ ಆಗೋ ಖುಷಿ ಬ್ಯಾರೆ.

ಇಷ್ಟೊಂದು ಜನರಿಗೆ ಒಬ್ಬೊಬ್ಬರಿಗೇ ಬರೆಯಾಕ ಟೈಮ್ ಎಲ್ಲಿ ಅಂತ ಕೇಳ್ತೀರಿ. ಹತ್ತು ಜನ ಆರಿಸ್ಕೋರಿ, ದಿನಾ ಇಬ್ಬರಿಗೆ ಬರೀರಿ. ಎಳ್ಳು ಹಂಚೋದು ರಥಸಪ್ತಮಿ ತನಕ ನಡೀತದ, ಹಂಗಾಗಿ 14ನೇ ತಾರೀಕು ಮುಗೀತು ಅಂತ ಗಾಬರಿ ಬ್ಯಾಡ. ನಡುವ ಕರಿ ದಿನ ಒಂದು ಬಿಡ್ರಿ. ಅವತ್ತು ನಮ್ಮ ಹಿರಿಯರು ಹೊಸ್ತಿಲ ದಾಟಿ ಊರಿಗೂ ಹೋಗ್ತಿದ್ದಿಲ್ಲ.