ಎರಡು ಉತ್ತರಗಳೂ ಸರಿಯೆನಿಸಿದಾಗ

ರಸಪ್ರಶ್ನೆಯ ಕೀ ಉತ್ತರವನ್ನು ಗೋಡೆಗೆ ಅಂಟಿಸಿದ ಕೂಡಲೆ ವಿದ್ಯಾರ್ಥಿಗಳಲ್ಲಿ ಎರಡು ಪಕ್ಷಗಳೇಳುವುದುಂಟು. ‘ನಾವು ಬರೆದುದೂ ಸರಿಯೇ’ ಎಂದು ಒಂದು ಪಕ್ಷ. ‘ಕೀ ಹೇಳಿದ ಮೇಲೆ ಮುಗಿಯಿತು’ ಎಂದು ಇನ್ನೊಂದು. ಈ ಎರಡು ಮಾತುಗಳಲ್ಲಿ ಯಾವುದೂ ವಾದವಲ್ಲವೆಂಬುದು ನಮ್ಮ ಅಭಿಪ್ರಾಯ. ಕೀ ಉತ್ತರವನ್ನು ಒರೆಗೆ ಹಚ್ಚುವ ಕಲ್ಲು ಪಠ್ಯಪುಸ್ತಕದ ವ್ಯಾಖ್ಯೆಯೇ ಹೊರತು ಕಂಠದ ಬಲವಲ್ಲ.

ನಿರ್ವಹಣಾ ಶಾಸ್ತ್ರದಿಂದಲೇ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಫ್ರಾನ್ಸ್ ದೇಶದ ಗಣಿ ಎಂಜಿನಿಯರ್ ಹೆನ್ರಿ ಫೇಯೋಲ್ 1916ರಲ್ಲಿ ಪ್ರಕಟಿಸಿದ ನಿರ್ವಹಣೆಯ 14 ತತ್ತ್ವಗಳನ್ನು ವಾಣಿಜ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅವುಗಳಲ್ಲಿ ನಾಲ್ಕನೆಯದು ಆದೇಶದ ಏಕತೆ: ಒಬ್ಬ ನೌಕರನು ಒಬ್ಬ ಮೇಲಧಿಕಾರಿಯಿಂದ ಮಾತ್ರ ಆದೇಶ ಪಡೆಯಬೇಕು. ಐದನೆಯದು ನಿರ್ದೇಶನದ ಏಕತೆ: ಒಂದೇ ಗುರಿಯುಳ್ಳ ಕೆಲಸಗಳ ಸಮೂಹಕ್ಕೆ ಒಬ್ಬನೇ ಮುಖ್ಯಸ್ಥ, ಒಂದೇ ಯೋಜನೆ ಇರಬೇಕು. ಮೊದಲನೆಯದು ವ್ಯಕ್ತಿಯನ್ನು ಕುರಿತದ್ದು, ಎರಡನೆಯದು ಕಾರ್ಯವನ್ನು ಕುರಿತದ್ದು. ಹೆಸರುಗಳು ಹತ್ತಿರವಾಗಿರುವುದರಿಂದಲೇ ಪ್ರಶ್ನೆ ಕೇಳುವವರಿಗೆ ಈ ಜೋಡಿ ಪ್ರಿಯ.

ಈಗ ಹೀಗೊಂದು ಪ್ರಶ್ನೆಯನ್ನು ಕಲ್ಪಿಸಿಕೊಳ್ಳೋಣ. ತಾಪಿ ನದಿಯು ಸಮುದ್ರವನ್ನು ಸೇರುವಲ್ಲಿ, ಸೂರತ್ತಿನ ಸಮೀಪದ ಹಜೀರಾ ಬಂದರಿಗೆ ಒಂದು ಹಡಗು ಬಂದಿದೆ. ಅದರ ಸರಕನ್ನು ಇಳಿಸುವ ಒಂದೇ ಕೆಲಸಕ್ಕೆ ಇಬ್ಬರು ಅಧಿಕಾರಿಗಳು ಬೇರೆ ಬೇರೆ ಯೋಜನೆಗಳನ್ನು ಹಾಕಿ, ಒಬ್ಬನೇ ಕ್ರೇನ್ ಚಾಲಕನಿಗೆ ಪರಸ್ಪರ ವಿರುದ್ಧವಾದ ಆದೇಶಗಳನ್ನು ಕೊಡುತ್ತಾರೆ. ಇಲ್ಲಿ ಭಂಗವಾದ ತತ್ತ್ವ ಯಾವುದು? ಆಯ್ಕೆಗಳು: ಆದೇಶದ ಏಕತೆ, ನಿರ್ದೇಶನದ ಏಕತೆ, ಶಿಸ್ತು, ಶ್ರಮವಿಭಜನೆ. ಕೀ ಉತ್ತರ: ಆದೇಶದ ಏಕತೆ.

ಪರೀಕ್ಷಿಸುವ ಕ್ರಮ ಹೀಗಿರಲಿ. ಪ್ರತಿಯೊಂದು ವ್ಯಾಖ್ಯೆಯನ್ನು ಅದರ ಅಂಗಗಳಾಗಿ ಬಿಡಿಸಿ, ಪ್ರತಿಯೊಂದು ಅಂಗಕ್ಕೂ ಪ್ರಶ್ನೆಯಲ್ಲಿ ಒಂದು ಮಾತು ದೊರೆಯುವುದೇ ಎಂದು ನೋಡಬೇಕು. ಆದೇಶದ ಏಕತೆಗೆ ಬೇಕಾದವು ಒಬ್ಬ ನೌಕರ ಮತ್ತು ಒಬ್ಬನೇ ಮೇಲಧಿಕಾರಿ. ಚಾಲಕ ಒಬ್ಬ, ಆಜ್ಞೆ ಕೊಟ್ಟವರು ಇಬ್ಬರು, ಆದ್ದರಿಂದ ಭಂಗವಾಯಿತು. ನಿರ್ದೇಶನದ ಏಕತೆಗೆ ಬೇಕಾದವು ಒಂದು ಗುರಿ, ಒಬ್ಬ ಮುಖ್ಯಸ್ಥ, ಒಂದು ಯೋಜನೆ. ಗುರಿ ಒಂದೇ, ಮುಖ್ಯಸ್ಥರು ಇಬ್ಬರು, ಯೋಜನೆಗಳು ಎರಡು; ಆದ್ದರಿಂದ ಅದೂ ಭಂಗವಾಯಿತು. ಕೀ ಒಪ್ಪಿದ ಉತ್ತರ ತಪ್ಪಲ್ಲ, ಅದು ತಳ್ಳಿದ ಉತ್ತರವೂ ತಪ್ಪಲ್ಲ. ದೋಷವಿರುವುದು ಪ್ರಶ್ನೆಯಲ್ಲಿ.

‘ಚಾಲಕನಿಗೆ ಬಂದ ತೊಂದರೆಯೇ ಮುಖ್ಯ’ ಎಂದು ಪ್ರಶ್ನೆ ಬರೆದವರು ಹೇಳಬಹುದು. ಆದರೆ ‘ಮುಖ್ಯವಾಗಿ’ ಎಂಬ ಶಬ್ದ ಪ್ರಶ್ನೆಯಲ್ಲಿಲ್ಲ. ಇಲ್ಲದ ಶಬ್ದವನ್ನು ಅನಂತರ ಸೇರಿಸುವುದು ನ್ಯಾಯವಲ್ಲ. ‘ಒಂದು ತತ್ತ್ವ ಇನ್ನೊಂದರಲ್ಲಿ ಅಡಗಿದೆ’ ಎಂಬ ಸಮಾಧಾನವೂ ನಿಲ್ಲದು. ನಿರ್ದೇಶನದ ಏಕತೆಯಿಲ್ಲದೆ ಆದೇಶದ ಏಕತೆ ಇರಲಾರದು, ಆದರೆ ಮೊದಲನೆಯದು ಇದ್ದಮಾತ್ರಕ್ಕೆ ಎರಡನೆಯದು ತಾನಾಗಿ ಉಂಟಾಗುವುದಿಲ್ಲವೆಂದು ಫೇಯೋಲನೇ ಇವೆರಡನ್ನೂ ಬೇರ್ಪಡಿಸಿದ್ದಾನೆ.

ಇದೇ ಒರೆಗಲ್ಲು ಆಕ್ಷೇಪಿಸುವವರ ಮೇಲೂ ತಿರುಗಬೇಕು. ಪ್ರಶ್ನೆಯಿಂದ ‘ಬೇರೆ ಬೇರೆ ಯೋಜನೆಗಳನ್ನು ಹಾಕಿ’ ಎಂಬ ಮಾತನ್ನು ತೆಗೆದುಬಿಡಿ. ಆಗ ಉಳಿಯುವುದು ಒಬ್ಬ ಚಾಲಕ, ಇಬ್ಬರು ಅಧಿಕಾರಿಗಳು, ಎರಡು ಆಜ್ಞೆಗಳು. ಯೋಜನೆ ಎರಡಾಗಿತ್ತೆಂದು ನಾವೇ ಊಹಿಸಿದರಲ್ಲದೆ ಎರಡನೆಯ ಉತ್ತರ ನಿಲ್ಲುವುದಿಲ್ಲ. ಊಹೆಯ ಆಸರೆ ಬೇಕಾದ ಉತ್ತರವನ್ನು ಬಿಟ್ಟುಕೊಡುವುದೇ ಪ್ರಾಮಾಣಿಕತೆ.

ಈ ವಿವೇಕ ನ್ಯಾಯಾಲಯದಿಂದಲೂ ಬಂದಿದೆ. ಉತ್ತರ ಪ್ರದೇಶದ ವೈದ್ಯಕೀಯ ಪ್ರವೇಶ ಪರೀಕ್ಷೆಯ ಕೀ ಉತ್ತರಗಳನ್ನು ಕುರಿತ ಕಾನ್ಪುರ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ, ಕೀ ಉತ್ತರ ಸರಿಯೆಂದೇ ಮೊದಲು ಭಾವಿಸಬೇಕು, ತರ್ಕದ ಎಳೆ ಹಿಡಿದು ಅದನ್ನು ತಪ್ಪೆನ್ನಬಾರದು, ತಪ್ಪು ಸ್ಪಷ್ಟವಾಗಿ ತೋರಬೇಕು ಎಂದಿತು. ಅದೇ ತೀರ್ಪಿನಲ್ಲಿ, ಸಂದಿಗ್ಧವಾದ ಪ್ರಶ್ನೆಯನ್ನು ಬೇಗನೆ ಗುರುತಿಸಿ ಲೆಕ್ಕದಿಂದ ಕೈಬಿಡಬೇಕೆಂದೂ ಹೇಳಿತು. ಆಕ್ಷೇಪಿಸುವವರ ಮೇಲಿನ ಭಾರ ದೊಡ್ಡದು. ಆದರೆ ಆ ಭಾರವನ್ನು ಹೊತ್ತವರಿಗೆ ಕಿವಿಗೊಡಬೇಕಾದ ಕರ್ತವ್ಯವೂ ಅಷ್ಟೇ ದೊಡ್ಡದು.

ಶಾಲೆಯ ರಸಪ್ರಶ್ನೆಯಲ್ಲಿ ಮಾತ್ರ ನಮಗೆ ಇನ್ನೊಂದು ಪರಿಹಾರ ಮೇಲೆನಿಸುತ್ತದೆ. ಪ್ರಶ್ನೆಯನ್ನು ಕೈಬಿಟ್ಟರೆ ಎರಡು ಸರಿಯುತ್ತರಗಳಲ್ಲಿ ಒಂದನ್ನು ಬರೆದವರೆಲ್ಲರೂ ಗಳಿಸಿದ ಅಂಕವನ್ನು ಕಳೆದುಕೊಳ್ಳುತ್ತಾರೆ. ಎರಡಕ್ಕೂ ಅಂಕವಿತ್ತರೆ ಯಾರಿಗೂ ಅನ್ಯಾಯವಿಲ್ಲ. ಶಿಸ್ತು ಅಥವಾ ಶ್ರಮವಿಭಜನೆ ಎಂದವರಿಗೆ ಪುಕ್ಕಟೆ ಅಂಕವೂ ಸಿಗುವುದಿಲ್ಲ.

ಆದುದರಿಂದ ಆಕ್ಷೇಪವನ್ನು ಬರೆಯುವ ಸಹಪಾಠಿಗಳು ಮೂರು ಸಂಗತಿಗಳನ್ನು ಕಾಗದದ ಮೇಲಿಡಲಿ: ಪ್ರಶ್ನೆಯ ಮಾತುಗಳು ಇದ್ದಂತೆಯೇ, ಪುಸ್ತಕದ ವ್ಯಾಖ್ಯೆ ಪುಟದ ಸಂಖ್ಯೆಯೊಡನೆ, ಒಂದೊಂದು ಅಂಗಕ್ಕೂ ಹೊಂದುವ ಮಾತು. ಆ ಮೂರೂ ಒಂದು ಹಾಳೆಯಲ್ಲಿ ಕೂಡಿದರೆ ಉಪಾಧ್ಯಾಯರು ಒಪ್ಪುವರು. ಕೂಡದಿದ್ದರೆ ಆಕ್ಷೇಪವನ್ನು ಹಿಂತೆಗೆದುಕೊಳ್ಳಬೇಕಾದವರು ನಾವೇ.